ಮೇಲೆ ಕರಕಲು, ಮೂಳೆಯ ಬಳಿ ಹಸಿ: ಇದ್ದಿಲ ಗ್ರಿಲ್‌ನಲ್ಲಿ ಕೋಳಿಕಾಲು ಸುಡುವಾಗಿನ ದೋಷ ಪತ್ತೆ ಮತ್ತು ನಿವಾರಣೆ

ಈ ಕೈಪಿಡಿಯು ಒಂದೇ ದೋಷಕ್ಕೆ ಸಂಬಂಧಿಸಿದೆ. ತೊಡೆ ಮತ್ತು ಕೆಳಗಾಲು ಎರಡೂ ಸೇರಿರುವ, ಮೂಳೆಸಹಿತವಾದ ಇಡೀ ಕೋಳಿಕಾಲನ್ನು ಮಸಾಲೆ ಹಚ್ಚಿ ಕೆಂಡದ ಮೇಲೆ ಸುಟ್ಟಾಗ ಹೊರಭಾಗ ಕಪ್ಪಾಗಿರುತ್ತದೆ, ಕತ್ತರಿಸಿ ನೋಡಿದರೆ ಕೀಲಿನ ಸುತ್ತ ಮಾಂಸ ಹಸಿಯಾಗಿರುತ್ತದೆ. ಮೂಳೆಯಿಲ್ಲದ ಸಣ್ಣ ತುಂಡುಗಳಲ್ಲಿ ಈ ತೊಂದರೆ ಅಪರೂಪ. ಇಡೀ ಕಾಲಿನಲ್ಲಿ ಮಾತ್ರ ಅದು ಮತ್ತೆ ಮತ್ತೆ ಬರುತ್ತದೆ. ಆದ್ದರಿಂದ ಇಲ್ಲಿ ಅದನ್ನೇ ಉದಾಹರಣೆಯಾಗಿ ತೆಗೆದುಕೊಂಡಿದ್ದೇನೆ.

ದೋಷ ಹುಟ್ಟುವುದು ಎಲ್ಲಿ

ಕೆಂಡದಿಂದ ನೇರವಾಗಿ ಹೊಮ್ಮುವ ಕಾವು ಮಾಂಸದ ಮೇಲ್ಮೈಯನ್ನು ಬಲು ಬೇಗ ಮುಟ್ಟುತ್ತದೆ. ಮೇಲ್ಮೈಯಲ್ಲಿ ತೇವ ಇರುವವರೆಗೆ ಅಲ್ಲಿನ ತಾಪ ನೀರು ಕುದಿಯುವ ಮಟ್ಟವನ್ನು ಹೆಚ್ಚು ದಾಟುವುದಿಲ್ಲ. ತೇವ ಆರಿದೊಡನೆ ಅದು ಸರಸರನೆ ಏರಿ, ಮೊದಲು ಕಂದುಬಣ್ಣ ತರುತ್ತದೆ, ಅನಂತರ ಕಪ್ಪಾಗಿಸುತ್ತದೆ. ಒಳಗಿನ ಮಾಂಸಕ್ಕಾದರೋ ಕಾವು ತಲುಪಬೇಕಾದದ್ದು ಪದರದಿಂದ ಪದರಕ್ಕೆ ಸಾಗಿಯೇ, ಮತ್ತು ಮಾಂಸದಲ್ಲಿ ಕಾವು ಸಾಗುವ ವೇಗ ಬಹಳ ಕಡಿಮೆ. ದಪ್ಪ ಎರಡು ಪಟ್ಟಾದರೆ ನಡುಭಾಗ ಬೇಯಲು ಸರಿಸುಮಾರು ನಾಲ್ಕು ಪಟ್ಟು ಹೊತ್ತು ಬೇಕು. ಎರಡು ಸೆಂಟಿಮೀಟರ್ ದಪ್ಪದ ತುಂಡಿಗೆ ಹೊಂದಿದ ಉರಿಯು ನಾಲ್ಕು ಸೆಂಟಿಮೀಟರ್ ದಪ್ಪದ ತೊಡೆಗೆ ಹೊಂದದಿರುವುದು ಇದರಿಂದಲೇ.

ಇದನ್ನು ಅರಿತರೆ ದೋಷದ ನಿಜವಾದ ಸ್ವರೂಪ ತಿಳಿಯುತ್ತದೆ. ಉರಿ ಹೆಚ್ಚಾಯಿತೆಂದು ಇದ್ದಿಲು ತೆಗೆದರೆ ಮಾಂಸ ಬೆಂದರೂ ಬಣ್ಣ ಬರುವುದಿಲ್ಲ, ಒಳಗೆ ಬೇಯಲಿಲ್ಲವೆಂದು ಇನ್ನಷ್ಟು ಇದ್ದಿಲು ಸುರಿದರೆ ಹೊರಗೆ ಇನ್ನೂ ಬೇಗ ಸೀಯುತ್ತದೆ. ಒಳಗನ್ನು ಬೇಯಿಸುವುದು ಮತ್ತು ಹೊರಗನ್ನು ಸುಡುವುದು ಎರಡು ಬೇರೆ ಕೆಲಸಗಳು. ಅವಕ್ಕೆ ಎರಡು ಬೇರೆ ಜಾಗಗಳು ಬೇಕು. ಗ್ರಿಲ್‌ನ ಒಂದು ಬದಿಯಲ್ಲಿ ಮಾತ್ರ ಕೆಂಡ ಗುಡ್ಡೆ ಹಾಕಿ, ಇನ್ನೊಂದು ಬದಿಯ ಅಡಿಯನ್ನು ಪೂರ್ತಿ ಖಾಲಿ ಬಿಡುವುದು ಅದರ ಸರಳ ವಿಧಾನ. ಈ ಖಾಲಿ ಬದಿಯನ್ನು ತಂಪು ಬದಿ ಎಂದು ಕರೆಯುವುದು ರೂಢಿ. ಆದರೆ ಮುಚ್ಚಳ ಹಾಕಿದಾಗ ಅಲ್ಲಿನ ಗಾಳಿ 160 ರಿಂದ 190 ಡಿಗ್ರಿ ಸೆಲ್ಸಿಯಸ್‌ವರೆಗೆ ಇರಬೇಕು. ಅಂದರೆ ಅದು ಒಂದು ಸಣ್ಣ ಒಲೆಗೂಡಿನಂತೆ ಕೆಲಸ ಮಾಡಬೇಕೇ ಹೊರತು ತಟ್ಟೆ ಇಡುವ ಜಾಗವಾಗಬಾರದು.

ಮೊದಲು ಕೆಟ್ಟ ತುಂಡನ್ನು ಓದಿಕೊಳ್ಳಿ

ಬೆಂಕಿಗೆ ಕೈಹಾಕುವ ಮೊದಲು ಕೆಟ್ಟುಹೋದ ಒಂದು ಕಾಲನ್ನು ಹಲಗೆಯ ಮೇಲಿಟ್ಟು ಪರೀಕ್ಷಿಸುವುದು ನಾನು ಬಿಡದೆ ಪಾಲಿಸುವ ಕ್ರಮ. ಕಪ್ಪು ಬಣ್ಣದಲ್ಲಿಯೂ ಬಗೆಗಳಿವೆ, ಹಸಿತನದಲ್ಲಿಯೂ ಬಗೆಗಳಿವೆ, ಮತ್ತು ಅವು ಬೇರೆ ಬೇರೆ ತಪ್ಪುಗಳನ್ನು ಹೇಳುತ್ತವೆ.

ಬೆರಳಿನಿಂದ ಉಜ್ಜಿದಾಗ ಕಪ್ಪು ಜಿಡ್ಡುಜಿಡ್ಡಾಗಿ ಅಂಟಿಕೊಂಡರೆ ಅದು ಮಸಿ. ಮಸಾಲೆಯ ಎಣ್ಣೆಯೋ ಚರ್ಮದ ಕೊಬ್ಬೋ ಕೆಂಡದ ಮೇಲೆ ತೊಟ್ಟಿಕ್ಕಿ, ಜ್ವಾಲೆ ಎದ್ದು, ಅದರ ಹೊಗೆ ಮಾಂಸಕ್ಕೆ ಮೆತ್ತಿದೆ. ಇಲ್ಲಿ ಕೆಂಡದ ಪ್ರಮಾಣಕ್ಕಿಂತ ತುಂಡು ಇದ್ದ ಜಾಗವೇ ತಪ್ಪು: ಕೊಬ್ಬು ಕರಗುವ ಹೊತ್ತಿನಲ್ಲಿ ಅದು ಕೆಂಡದ ನೇರ ಮೇಲಿರಬಾರದಿತ್ತು. ನಮ್ಮಲ್ಲಿ ಚರ್ಮ ತೆಗೆದ ಕೋಳಿಯನ್ನೇ ಹೆಚ್ಚಾಗಿ ಕೊಳ್ಳುವುದರಿಂದ ಕೊಬ್ಬಿನ ತೊಂದರೆ ಇಲ್ಲವೆಂದು ಭಾವಿಸುತ್ತೇವೆ. ಆದರೆ ಅದೇ ಕೋಳಿಗೆ ಮಸಾಲೆಯಲ್ಲಿ ಧಾರಾಳವಾಗಿ ಎಣ್ಣೆ ಸೇರಿಸಿ, ಮೇಲೆ ಬೆಣ್ಣೆಯನ್ನೂ ಸವರಿದರೆ ಜ್ವಾಲೆ ಏಳಲು ಅಷ್ಟೇ ಸಾಕು.

ಕಪ್ಪು ಒಣಗಿದ ಹಪ್ಪಳದಂತೆ ಪುಡಿಪುಡಿಯಾಗಿ ಉದುರಿ, ನಾಲಿಗೆಗೆ ಕಹಿಯಾದರೆ ಮಸಾಲೆಯೇ ಸೀದಿದೆ. ಮೆಣಸಿನ ಪುಡಿ, ಬೆಳ್ಳುಳ್ಳಿ, ಮೊಸರಿನ ಗಟ್ಟಿ ಭಾಗ ಇವೆಲ್ಲ ಮಾಂಸಕ್ಕಿಂತ ಮೊದಲೇ ಸೀಯುತ್ತವೆ. ಜೇನುತುಪ್ಪ, ಬೆಲ್ಲ, ಸಕ್ಕರೆ ಅಥವಾ ಟೊಮೆಟೊ ಸಾಸ್ ಸೇರಿದ್ದರೆ ಇನ್ನೂ ಬೇಗ. ಜಾಲರಿಯ ಗೆರೆಗಳಲ್ಲಿ ಮಾತ್ರ ಕಪ್ಪಾಗಿದ್ದು ನಡುವಿನ ಮಾಂಸ ಹೊಂಬಣ್ಣದಲ್ಲಿದ್ದರೆ ಅದು ದೋಷವೇ ಅಲ್ಲ.

ಇನ್ನು ಒಳಭಾಗ. ಚಾಕುವನ್ನು ತೊಡೆಮೂಳೆಯ ಉದ್ದಕ್ಕೂ ಇಳಿಸಿ, ತೊಡೆ ಮತ್ತು ಕೆಳಗಾಲು ಕೂಡುವ ಕೀಲಿನವರೆಗೆ ಸೀಳಬೇಕು. ಹಸಿ ಮಾಂಸ ಸ್ವಲ್ಪ ಪಾರದರ್ಶಕವಾಗಿ, ಜೆಲ್ಲಿಯಂತೆ ನುಣುಪಾಗಿ ಹೊಳೆಯುತ್ತದೆ ಮತ್ತು ಮೂಳೆಯನ್ನು ಬಿಡುವುದಿಲ್ಲ. ಬೆಂದ ಮಾಂಸ ಅಪಾರದರ್ಶಕವಾಗಿ, ಎಳೆಎಳೆಯಾಗಿ ಬಿಡಿಸಿಕೊಳ್ಳುತ್ತದೆ. ಬಣ್ಣವೊಂದನ್ನೇ ನಂಬಿ ತೀರ್ಮಾನಿಸಬಾರದು. ಎಳೆಯ ಬ್ರಾಯ್ಲರ್ ಕೋಳಿಯ ಮೂಳೆಗಳಿಗೆ ಸಣ್ಣ ರಂಧ್ರಗಳಿರುವುದರಿಂದ ಮಜ್ಜೆಯ ಕೆಂಪು ಹೊರಗೆ ಒಸರಿ, ಪೂರ್ತಿ ಬೆಂದ ಮಾಂಸವೂ ಮೂಳೆಯ ಅಂಚಿನಲ್ಲಿ ಗುಲಾಬಿ ಅಥವಾ ಕಡುಗೆಂಪಾಗಿ ಕಾಣಬಹುದು, ಫ್ರೀಜರ್‌ನಲ್ಲಿಟ್ಟಿದ್ದ ಕೋಳಿಯಲ್ಲಿ ಇದು ಇನ್ನೂ ಹೆಚ್ಚು. ಇಂಥ ಕೋಳಿಯನ್ನು ಹಸಿಯೆಂದು ತಿಳಿದು ಮತ್ತೆ ಕೆಂಡದ ಮೇಲಿಟ್ಟು ಒಣಕಲಾಗಿಸಿದವರನ್ನು ಕಂಡಿದ್ದೇನೆ.

ಕೀಲಿನ ಸುತ್ತ ಮಾತ್ರ ಹಸಿಯಾಗಿದ್ದರೆ ಹೊತ್ತು ಸಾಲದಾಗಿದೆ. ತೊಡೆಯ ಮಾಂಸದಲ್ಲಿ ಹೊರಗಿನ ಬೆರಳಗಲ ಬಿಟ್ಟು ಉಳಿದದ್ದೆಲ್ಲ ಹಸಿಯಾಗಿದ್ದರೆ ತುಂಡು ಶುರುವಿನಿಂದಲೇ ಕೆಂಡದ ಮೇಲಿತ್ತು ಎಂದರ್ಥ. ಮೂಳೆಯ ಬಳಿ ಮುಟ್ಟಿದರೆ ತಣ್ಣಗೆ ಕೊರೆಯುತ್ತಿದ್ದರೆ ಕೋಳಿ ಪೂರ್ತಿ ಕರಗಿರಲಿಲ್ಲ. ಈ ಕೊನೆಯ ದೋಷಕ್ಕೆ ಬೆಂಕಿಯಲ್ಲಿ ಪರಿಹಾರವಿಲ್ಲ. ಫ್ರೀಜರ್‌ನಲ್ಲಿದ್ದ ಕೋಳಿಯನ್ನು ಹಿಂದಿನ ದಿನವೇ ಫ್ರಿಜ್‌ನ ಕೆಳಗಿನ ಅಂತಸ್ತಿಗೆ ಇಳಿಸಿ ಕರಗಿಸಿಕೊಳ್ಳಬೇಕು.

ಥರ್ಮಾಮೀಟರ್ ಇಲ್ಲದೆ ಪತ್ತೆ ಪೂರ್ತಿಯಾಗದು

ಚೂಪಾದ ಕಡ್ಡಿಯಿರುವ ಅಡುಗೆಯ ಥರ್ಮಾಮೀಟರ್ ಈ ಕೆಲಸಕ್ಕೆ ಬೇಕೇ ಬೇಕು. ಕೋಳಿಯ ಯಾವ ಭಾಗವೇ ಆಗಲಿ, ಅತ್ಯಂತ ದಪ್ಪವಾದ ಕಡೆ 74 ಡಿಗ್ರಿ ಮುಟ್ಟಿದರೆ ತಿನ್ನಲು ಸುರಕ್ಷಿತ. ಎದೆಯ ಮಾಂಸವನ್ನು ಅಲ್ಲಿಗೇ ನಿಲ್ಲಿಸಬೇಕು. ಕಾಲಿನ ಮಾಂಸದಲ್ಲಿ ಜೋಡಣೆಯ ನಾರುಗಳು ಹೆಚ್ಚಿರುವುದರಿಂದ 80 ರಿಂದ 85 ಡಿಗ್ರಿಯವರೆಗೆ ಹೋದಾಗಲೇ ಅದು ಮೃದುವಾಗಿ ಮೂಳೆ ಬಿಡುತ್ತದೆ. 74 ರಲ್ಲಿ ಇಳಿಸಿದ ಕಾಲು ಅಪಾಯಕಾರಿಯಲ್ಲ, ಆದರೆ ಜಗಿದರೆ ರಬ್ಬರಿನಂತೆ ಎನಿಸುವುದರಿಂದ ಹಲವರು ಅದನ್ನು ಹಸಿ ಎಂದೇ ತಿಳಿಯುತ್ತಾರೆ.

ಕಡ್ಡಿಯನ್ನು ತೊಡೆಯ ಬದಿಯಿಂದ ಅಡ್ಡವಾಗಿ ಚುಚ್ಚಿ, ತುದಿ ದಪ್ಪ ಭಾಗದ ನಡುವೆ ನಿಲ್ಲಬೇಕು. ಮೂಳೆಗೆ ತಗುಲಿದರೆ ಸಿಗುವ ಅಂಕಿ ಮಾಂಸದ್ದಾಗಿರುವುದಿಲ್ಲ. ಎರಡು ಮೂರು ಕಡೆ ಚುಚ್ಚಿ, ಸಿಕ್ಕ ಅಂಕಿಗಳಲ್ಲಿ ಅತಿ ಕಡಿಮೆಯಾದುದನ್ನು ನಂಬಬೇಕು. ಮಾಪಕವೇ ಸರಿಯಿದೆಯೇ ಎಂದು ತಿಳಿಯಲು ಒಂದು ಲೋಟದಲ್ಲಿ ಪುಡಿ ಮಾಡಿದ ಐಸ್ ತುಂಬಿ, ಸ್ವಲ್ಪ ನೀರು ಹಾಕಿ ಕಲಕಿ, ಕಡ್ಡಿಯನ್ನು ಅದ್ದಿದರೆ 0 ಡಿಗ್ರಿ ತೋರಿಸಬೇಕು. ಕುದಿಯುವ ನೀರಿನಲ್ಲಿ ಪರೀಕ್ಷಿಸುವವರು ಊರಿನ ಎತ್ತರವನ್ನೂ ಗಮನದಲ್ಲಿಡಬೇಕು. ಮಂಗಳೂರಿನಲ್ಲಿ ನೀರು 100 ರ ಸಮೀಪ ಕುದಿದರೆ, ಸಮುದ್ರಮಟ್ಟದಿಂದ 900 ಮೀಟರಿಗಿಂತ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಸುಮಾರು 97 ರಲ್ಲೇ ಕುದಿಯುತ್ತದೆ. ಅಲ್ಲಿ 97 ತೋರಿಸಿದ ಮಾಪಕ ಕೆಟ್ಟದ್ದಲ್ಲ.

ಒಂದು ಪ್ರಕರಣ: ಮೈಸೂರಿನ ತಾರಸಿಯಲ್ಲಿ ಹನ್ನೆರಡು ಕಾಲುಗಳು

ಕಳೆದ ಡಿಸೆಂಬರಿನಲ್ಲಿ ಮೈಸೂರಿನಲ್ಲಿರುವ ನನ್ನ ಭಾವಮೈದನ ಮನೆಯ ತಾರಸಿಯ ಮೇಲೆ ನಡೆದದ್ದು ಇಡೀ ದೋಷವನ್ನು ಒಂದೇ ಸಂಜೆಯಲ್ಲಿ ತೋರಿಸಿತು. ಗ್ರಿಲ್ ಎಂದರೆ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದ ಕಬ್ಬಿಣದ ಪೆಟ್ಟಿಗೆ: 60 ಸೆಂಟಿಮೀಟರ್ ಉದ್ದ, 40 ಅಗಲ, ಮೇಲೆ ಜಾಲರಿ, ಮುಚ್ಚಳವಿಲ್ಲ. ತಲಾ ಸುಮಾರು 250 ಗ್ರಾಂ ತೂಗುವ ಹನ್ನೆರಡು ಚರ್ಮರಹಿತ ಕಾಲುಗಳಿಗೆ ಮೊಸರು, ಬ್ಯಾಡಗಿ ಮೆಣಸಿನ ಪುಡಿ, ಶುಂಠಿ ಬೆಳ್ಳುಳ್ಳಿ, ಎಣ್ಣೆ ಮತ್ತು ಎರಡು ದೊಡ್ಡ ಚಮಚ ಜೇನುತುಪ್ಪ ಹಚ್ಚಿ ರಾತ್ರಿಯಿಡೀ ಫ್ರಿಜ್‌ನಲ್ಲಿಡಲಾಗಿತ್ತು.

ಮೊದಲ ಆರು ಕಾಲುಗಳನ್ನು ಸುಟ್ಟಾಗ ಪೆಟ್ಟಿಗೆಯ ತಳದ ತುಂಬ ಸುಮಾರು ಮೂರು ಕಿಲೋ ಇದ್ದಿಲು ಹರಡಿತ್ತು. ಐದು ನಿಮಿಷಕ್ಕೇ ಎಣ್ಣೆ ತೊಟ್ಟಿಕ್ಕಿ ಜ್ವಾಲೆ ಎದ್ದಿತು, ಹತ್ತು ನಿಮಿಷಕ್ಕೆ ಬಣ್ಣ ಚೆನ್ನಾಗಿ ಬಂದಂತೆ ಕಂಡಿತು, ಇಪ್ಪತ್ತಕ್ಕೆ ಎಲ್ಲವೂ ಕಪ್ಪು. ಒಂದನ್ನು ಸೀಳಿದೆವು. ಹೊರಗಿನ ಬೆರಳಗಲ ಬೆಂದಿತ್ತು, ಕೀಲಿನ ಬಳಿ ಜೆಲ್ಲಿಯಂತಿತ್ತು, ಮಾಪಕ 48 ತೋರಿಸಿತು. ಆಗ ಭಾವಮೈದ, "ಉರಿ ಸಾಲದು ಭಾವ, ಇನ್ನೊಂದಿಷ್ಟು ಇದ್ದಿಲು ಹಾಕೋಣ" ಎಂದ. ಒಳಗಿನ ಹಸಿಯನ್ನು ಮಾತ್ರ ನೋಡಿದರೆ ಹಾಗೆಯೇ ಅನ್ನಿಸುತ್ತದೆ. ಆದರೆ ಕಪ್ಪನ್ನು ಬೆರಳಿನಿಂದ ಉಜ್ಜಿದಾಗ ಅಡಿಯಲ್ಲಿ ಜಿಡ್ಡಿನ ಮಸಿಯೂ ಅಂಚಿನಲ್ಲಿ ಸೀದ ಮಸಾಲೆಯ ಪುಡಿಯೂ ಎರಡೂ ಸಿಕ್ಕಿದವು. ಎಣ್ಣೆ ಕೆಂಡದ ಮೇಲೆ ಬಿದ್ದಿತ್ತು, ಜೇನು ಮೊದಲೇ ಸೀದಿತ್ತು, ತುಂಡನ್ನು ಸರಿಸಲು ಕೆಂಡವಿಲ್ಲದ ಒಂದು ಅಂಗೈಯಗಲ ಜಾಗವೂ ಇರಲಿಲ್ಲ.

ಎರಡನೆಯ ಬಾರಿಗೆ ಜಾಲರಿ ತೆಗೆದು, ಕೆಂಡವನ್ನು ಉದ್ದನೆಯ ಸೌಟಿನಿಂದ ಒಂದು ತುದಿಯ 20 ಸೆಂಟಿಮೀಟರಿಗೆ ಒತ್ತರಿಸಿದೆವು. ಅಷ್ಟು ಜಾಗಕ್ಕೆ ಸುಮಾರು ಒಂದೂಕಾಲು ಕಿಲೋ ಇದ್ದಿಲಿನ ಕೆಂಡ ಸಾಕಾಯಿತು. ಉಳಿದದ್ದನ್ನು ಕಬ್ಬಿಣದ ಬಾಣಲೆಗೆ ತೆಗೆದು ಪಕ್ಕದಲ್ಲಿಟ್ಟೆವು. ಕೆಂಡ ಖಾಲಿ ಬದಿಗೆ ಉರುಳದಂತೆ ನಡುವೆ ಎರಡು ಒಣ ಇಟ್ಟಿಗೆಗಳನ್ನು ಅಡ್ಡವಿಟ್ಟೆವು. ನೀರು ಹೀರಿದ ಇಟ್ಟಿಗೆ ಬೆಂಕಿಯಲ್ಲಿ ಸಿಡಿಯಬಹುದಾದ್ದರಿಂದ ಅದು ಒಣಗಿಯೇ ಇರಬೇಕು.

ಮುಚ್ಚಳದ ಕೊರತೆಯನ್ನು ಅಡುಗೆಮನೆಯ ಅಗಲವಾದ ಅಲ್ಯೂಮಿನಿಯಂ ಡಬರಿ ನೀಗಿಸಿತು. ಅದನ್ನು ಖಾಲಿ ಬದಿಯ ಮೇಲೆ ಬೋರಲು ಹಾಕಿ, ಅದರ ಒಂದು ಅಂಚು ಕೆಂಡದ ಗುಡ್ಡೆಯ ಮೇಲೆ ಸ್ವಲ್ಪ ಚಾಚುವಂತೆ, ಎದುರಿನ ಅಂಚನ್ನು ಹೆಂಚಿನ ಚೂರಿನಿಂದ ಬೆರಳಗಲ ಎತ್ತಿ ನಿಲ್ಲಿಸಿದೆವು. ಕೆಂಡದ ಕಡೆಯಿಂದ ಒಳಬಂದ ಬಿಸಿಗಾಳಿ ಕೋಳಿಯ ಮೇಲೆ ಹಾದು ಆ ಸಂದಿನಿಂದ ಹೊರಹೋಗಬೇಕು, ಎಲ್ಲ ಗುಟ್ಟು ಅಲ್ಲಿದೆ. ಮುಚ್ಚಳವಿರುವ ಗುಂಡು ಗ್ರಿಲ್ ಬಳಸುವವರು ಇದೇ ಕಾರಣಕ್ಕೆ ಮುಚ್ಚಳದ ಗಾಳಿಕಿಂಡಿಯನ್ನು ಕೋಳಿಯಿರುವ ಕಡೆಗೆ ತಿರುಗಿಸಿಕೊಳ್ಳಬೇಕು. ಮುಚ್ಚಲು ಜಿಂಕ್ ಲೇಪನದ ತಗಡನ್ನು ಎಂದಿಗೂ ಬಳಸಬಾರದು, ಏಕೆಂದರೆ ಕಾವಿಗೆ ಆ ಲೇಪನದಿಂದ ವಿಷದ ಹೊಗೆ ಏಳಬಹುದು.

ಬೆಂಕಿ ಸರಿಯಿದೆಯೇ ಎಂದು ಅಂಗೈಯಿಂದ ನೋಡಿದೆವು. ಜಾಲರಿಯಿಂದ ಅರ್ಧ ಗೇಣು ಎತ್ತರದಲ್ಲಿ ಕೈ ಹಿಡಿದರೆ ಬಿಸಿ ಬದಿಯಲ್ಲಿ ಎರಡು ಮೂರು ಎಣಿಸುವಷ್ಟರಲ್ಲಿ ಹಿಂತೆಗೆಯಬೇಕಾಗಬೇಕು, ತಂಪು ಬದಿಯಲ್ಲಿ ಎಂಟರವರೆಗೆ ಎಣಿಸಲು ಆಗಬೇಕು. ತಂಪು ಬದಿಯಲ್ಲಿಯೂ ನಾಲ್ಕಕ್ಕೇ ಕೈ ಸುಡುತ್ತಿದ್ದರೆ ಎಲ್ಲೋ ಕೆಂಡ ಉರುಳಿ ಬಂದಿದೆ ಎಂದು ತಿಳಿದು ಜಾಲರಿ ಎತ್ತಿ ನೋಡಬೇಕು.

ಉಳಿದ ಆರು ಕಾಲುಗಳ ಮೇಲಿನ ದಪ್ಪ ಮಸಾಲೆಯನ್ನು ಕೈಯಿಂದ ಸವರಿ ತೆಗೆದು, ತೊಡೆಯಲ್ಲಿ ಮೂಳೆ ತಗಲುವವರೆಗೆ ಎರಡೆರಡು ಗೀರು ಹಾಕಿದೆವು. ಗೀರು ಮಸಾಲೆ ಹಿಡಿಯಲೆಂದಷ್ಟೇ ಹಾಕುವುದಲ್ಲ. ಅದು ಮಾಂಸದ ದಪ್ಪವನ್ನೇ ಒಡೆಯುವುದರಿಂದ ಬೇಯುವ ಹೊತ್ತು ಉಳಿಯುತ್ತದೆ. ಎಲ್ಲವನ್ನೂ ತಂಪು ಬದಿಯಲ್ಲಿಟ್ಟು, ದಪ್ಪವಾದ ತೊಡೆಯನ್ನು ಕೆಂಡದ ದಿಕ್ಕಿಗೂ ಸಣಕಲು ಕೆಳಗಾಲನ್ನು ದೂರಕ್ಕೂ ಮಾಡಿ, ಡಬರಿ ಮುಚ್ಚಿದೆವು. ಹದಿನೈದು ನಿಮಿಷಕ್ಕೆ ಒಮ್ಮೆ ಮಾತ್ರ ತೆರೆದು ಮಗುಚಿ, ಒಳಸಾಲು ಹೊರಸಾಲುಗಳನ್ನು ಅದಲುಬದಲು ಮಾಡಿದೆವು. ಪದೇ ಪದೇ ಮುಚ್ಚಳ ತೆರೆದರೆ ಕೂಡಿದ ಬಿಸಿಗಾಳಿ ಪ್ರತಿಬಾರಿಯೂ ಹಾರಿಹೋಗುತ್ತದೆ.

ಅರ್ಧ ಗಂಟೆಗೆ ತೊಡೆಯಲ್ಲಿ 61 ಡಿಗ್ರಿ ಇತ್ತು. ಅಷ್ಟರಲ್ಲಿ ಕೆಂಡ ಬೂದಿಯಾಗಿ ಕುಗ್ಗುತ್ತಿದ್ದುದರಿಂದ ಬಾಣಲೆಯಲ್ಲಿ ತೆಗೆದಿರಿಸಿದ್ದ ಕೆಂಡದಿಂದ ಏಳೆಂಟು ತುಂಡು ಸೇರಿಸಿದೆವು. ಈ ಹಂತದಲ್ಲಿ ಹಸಿ ಇದ್ದಿಲನ್ನು ಸೇರಿಸಿದ್ದರೆ ಅದು ಹೊತ್ತಿಕೊಳ್ಳುವವರೆಗೆ ಹೊಗೆಯುಗುಳಿ, ಮುಚ್ಚಿದ ಜಾಗದಲ್ಲಿ ಮಾಂಸವನ್ನು ಕಹಿ ಮಾಡುತ್ತಿತ್ತು. ನಲವತ್ತೆರಡನೆಯ ನಿಮಿಷಕ್ಕೆ ಅತಿ ಕಡಿಮೆ ಅಂಕಿ 76 ಆಯಿತು. ಹೊರಮೈ ಆಗಲೂ ಮಂಕು ಕಿತ್ತಳೆ ಬಣ್ಣದಲ್ಲೇ ಇತ್ತು. ಅದನ್ನು ನೋಡಿ ಗಾಬರಿಯಾಗಬೇಕಿಲ್ಲ, ಈ ವಿಧಾನದಲ್ಲಿ ಬಣ್ಣ ಬರುವುದು ಕೊನೆಯಲ್ಲಿ.

ಡಬರಿ ತೆಗೆದು, ಕಾಲುಗಳನ್ನು ಮೂರು ಮೂರರಂತೆ ಕೆಂಡದ ನೇರ ಮೇಲಕ್ಕೆ ತಂದು, ಪ್ರತಿ ಮಗ್ಗುಲಿಗೆ ಒಂದೂವರೆ ನಿಮಿಷದಂತೆ ಇಕ್ಕಳದಲ್ಲಿ ತಿರುವಿದೆವು. ಜ್ವಾಲೆ ಎದ್ದಾಗ ನೀರು ಚಿಮುಕಿಸದೆ, ತುಂಡನ್ನು ತಂಪು ಬದಿಗೆ ಎಳೆದುಕೊಂಡು, ಅದು ತಗ್ಗಿದ ಮೇಲೆ ಮತ್ತೆ ತಂದೆವು. ನೀರು ಹಾಕಿದರೆ ಬೂದಿ ಹಾರಿ ಮಾಂಸಕ್ಕೆ ಅಂಟುತ್ತದೆ. ಜೇನನ್ನು ಕಟ್ಟಕಡೆಯ ಅರ್ಧ ನಿಮಿಷದಲ್ಲಿ, ಬೇರೆ ಬಟ್ಟಲಿನಿಂದ, ಬೇರೆ ಕುಂಚದಿಂದ ಸವರಿದೆವು. ಹಸಿ ಕೋಳಿ ನೆನೆದ ಮಸಾಲೆಯನ್ನು ಬೆಂದ ಮಾಂಸಕ್ಕೆ ಸವರುವುದು, ಹಸಿ ಮಾಂಸ ಮುಟ್ಟಿದ ಇಕ್ಕಳದಿಂದಲೇ ಬೆಂದದ್ದನ್ನು ತಟ್ಟೆಗೆ ಹಾಕುವುದು ಇವೆರಡನ್ನೂ ತಪ್ಪಿಸಬೇಕು. ಸಾಲ್ಮೊನೆಲ್ಲಾದಂಥ ಬ್ಯಾಕ್ಟೀರಿಯಾ ಹಾಗೆಯೇ ದಾಟುತ್ತವೆ. ಇಳಿಸುವಾಗ ಮಾಪಕ 82 ತೋರಿಸಿತು, ಮಾಂಸ ಮೂಳೆಯಿಂದ ತಾನಾಗಿ ಬಿಟ್ಟಿತು.

ಎರಡು ಬದಿ ಮಾಡಿದ ಮೇಲೂ ದೋಷ ಉಳಿದರೆ

ಆಗ ಸಾಮಾನ್ಯವಾಗಿ ಎರಡರಲ್ಲಿ ಒಂದು ಕಾರಣವಿರುತ್ತದೆ. ಮೊದಲನೆಯದು, ಮುಚ್ಚಳವಿಲ್ಲದ ತಂಪು ಬದಿ. ತೆರೆದ ಗ್ರಿಲ್‌ನಲ್ಲಿ ಬಿಸಿಗಾಳಿ ಮೇಲಕ್ಕೆ ಹೋಗಿಬಿಡುವುದರಿಂದ ಖಾಲಿ ಬದಿಯ ಮಾಂಸ ಮುಕ್ಕಾಲು ಗಂಟೆಯಾದರೂ ಉಗುರುಬೆಚ್ಚಗಿದ್ದು, ಬೇಸತ್ತು ಕೆಂಡದ ಮೇಲಕ್ಕೆ ತಂದೊಡನೆ ಮತ್ತೆ ಹಳೆಯ ಕಥೆಯೇ ಆಗುತ್ತದೆ. ಮಾಪಕದ ಅಂಕಿ ಹತ್ತು ನಿಮಿಷದಲ್ಲಿ ಐದು ಡಿಗ್ರಿಯೂ ಏರದಿದ್ದರೆ ಇದೇ ಕಾರಣವೆಂದು ತಿಳಿಯಬಹುದು. ತಾರಸಿಯ ಗಾಳಿ ಇದನ್ನು ಇನ್ನಷ್ಟು ಕೆಡಿಸುತ್ತದೆ, ಆದ್ದರಿಂದ ಗ್ರಿಲ್ ಅನ್ನು ಗೋಡೆಯ ಮರೆಯಲ್ಲಿ ಇಡುವುದು ಒಳ್ಳೆಯದು. ಆದರೆ ಮನೆಯ ಒಳಗಾಗಲಿ ಮುಚ್ಚಿದ ಬಾಲ್ಕನಿಗಾಗಲಿ ಕೆಂಡವನ್ನು ತರಬಾರದು, ಅಲ್ಲಿ ಕಾರ್ಬನ್ ಮಾನಾಕ್ಸೈಡ್ ತುಂಬಿ ಪ್ರಾಣಕ್ಕೇ ಅಪಾಯ.

ಎರಡನೆಯದು, ಗ್ರಿಲ್ ತೀರ ಚಿಕ್ಕದಾಗಿರುವುದು. ಒಂದು ಗೇಣು ಅಗಲದ ಸಿಗಡಿಯಲ್ಲಿ ಎಷ್ಟೇ ಒತ್ತರಿಸಿದರೂ ಕೆಂಡದ ಕಾವು ಪಕ್ಕದ ತುಂಡಿಗೆ ನೇರವಾಗಿ ತಾಕುತ್ತದೆ. ಅದರಲ್ಲಿ ಇಡೀ ಕಾಲು ಸುಡುವ ಪ್ರಯತ್ನವನ್ನೇ ನಾನು ಒಪ್ಪುವುದಿಲ್ಲ. ತೊಡೆಯ ಮೂಳೆ ಬಿಡಿಸಿ ಎರಡು ಸೆಂಟಿಮೀಟರ್ ದಪ್ಪದ ತುಂಡುಗಳಾಗಿ ಕಡ್ಡಿಗೆ ಪೋಣಿಸಿದರೆ ಅದೇ ಸಿಗಡಿಯಲ್ಲಿ ಹತ್ತು ಹನ್ನೆರಡು ನಿಮಿಷಕ್ಕೆ ಒಳಗೂ ಹೊರಗೂ ಒಟ್ಟಿಗೆ ಬೇಯುತ್ತದೆ. ಮೊದಲೇ ಅರೆಬೇಯಿಸಿಟ್ಟು ಸಂಜೆ ಕೆಂಡಕ್ಕೆ ಹಾಕುವ ರೂಢಿ ಕೆಲವು ಕಡೆ ಇದೆ. ಅರೆಬೆಂದ ಕೋಳಿ ಗಂಟೆಗಟ್ಟಲೆ ಬೆಚ್ಚಗೆ ಕೂತರೆ ಬ್ಯಾಕ್ಟೀರಿಯಾ ಬೆಳೆಯಲು ಹದವಾದ ಜಾಗವಾಗುವುದರಿಂದ, ಒಲೆಯಿಂದ ಇಳಿಸಿದೊಡನೆ ನೇರವಾಗಿ ಕೆಂಡಕ್ಕೆ ಹೋಗುವಂತಿದ್ದರೆ ಮಾತ್ರ ಅದು ಸರಿ.

ಆ ಸಂಜೆ ಕೆಟ್ಟಿದ್ದ ಮೊದಲ ಆರು ಕಾಲುಗಳನ್ನೂ ನಾವು ಎಸೆಯಲಿಲ್ಲ. ಅವು ಬಿಸಿಯಾಗಿದ್ದಾಗಲೇ ಚಾಕುವಿನ ಬೆನ್ನಿನಿಂದ ಕರಕಲನ್ನು ಹೆರೆದು, ಕೆಂಡ ಒತ್ತರಿಸಿದ ಕೂಡಲೇ ಡಬರಿಯಡಿಯಲ್ಲಿ ಅವನ್ನೇ ಮೊದಲು ಇಟ್ಟು, ಕೀಲಿನ ಬಳಿ 78 ಡಿಗ್ರಿ ಬರುವವರೆಗೆ ಬಿಟ್ಟೆವು. ಅದಕ್ಕೆ ಇಪ್ಪತ್ತು ನಿಮಿಷ ಹಿಡಿಯಿತು. ಹೊರಪದರದ ಕಹಿ ಪೂರ್ತಿ ಹೋಗಲಿಲ್ಲವಾದ್ದರಿಂದ ಅದನ್ನು ಸುಲಿದು ಬಿಟ್ಟು, ಒಳಗಿನ ಮಾಂಸವನ್ನು ಎಳೆಗಳಾಗಿ ಬಿಡಿಸಿ, ಈರುಳ್ಳಿ ಮತ್ತು ನಿಂಬೆರಸದೊಂದಿಗೆ ಕಲಸಿ ಬಡಿಸಿದೆವು.